ನಾಲ್ಕು, ಎರಡು, ಎರಡು, ಸೊನ್ನೆ

"ಸರಿ ಇದೆ ಕಣೋ. ಸ್ವಾಪ್ 4, 2, 2, 0. ಒಟ್ಟು 8. ಕೊನೇ ಪಾಸ್‌ನಲ್ಲಿ ಏನೂ ಆಗಲ್ಲ ಅಂತ ಅದನ್ನ ಬಿಟ್ಟುಬಿಡಬೇಡ, ಅದನ್ನೂ ಬರಿ."

ಬಿಸಿಎ ಓದುತ್ತಿರುವ ಹುಡುಗನೊಬ್ಬ ಬಬಲ್ ಸಾರ್ಟ್‌ನ ಲೆಕ್ಕವನ್ನು ಕೈಯಲ್ಲೇ ಮಾಡಿ, ಸರಿ ಇದೆಯಾ ನೋಡು ಎಂದು ಹಾಳೆಯನ್ನು ಸಹಪಾಠಿಗೆ ಕೊಟ್ಟಿದ್ದ. ಹಾಳೆಯ ಬೆನ್ನಿಗೆ ಬರೆದು ವಾಪಸು ಬಂದ ಉತ್ತರ ಇಷ್ಟೇ. ಇದರಲ್ಲಿ ಬರೆಯುವಂಥದ್ದೇನಿದೆ ಎನ್ನಬಹುದು. ಆದರೆ ನೋಡಿಕೊಟ್ಟವನು ಗೆಳೆಯನ ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿರಲಿಲ್ಲ. ಪ್ರಶ್ನೆಯಲ್ಲಿದ್ದ 7 3 9 2 8 5 ಎಂಬ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ 0 1 0 3 1 3 ಎಂದು ಆರು ಅಂಕಿ ಗೀಚಿದ್ದ, ಅಷ್ಟೇ. ಆ ಆರು ಅಂಕಿಗಳಿಂದಲೇ ಗೆಳೆಯನ ಇಡೀ ಹಾಳೆ ಸರಿ ಎಂದು ಅವನಿಗೆ ಗೊತ್ತಾಯಿತು. ಎಷ್ಟು ಸ್ವಾಪ್, ಯಾವ ಪಾಸ್‌ನಲ್ಲಿ ಎಷ್ಟು, ಎಷ್ಟನೇ ಪಾಸ್‌ಗೆ ಕೆಲಸ ಮುಗಿಯುತ್ತದೆ, ಎಲ್ಲವೂ ಅದರಲ್ಲಿತ್ತು. ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ಬಬಲ್ ಸಾರ್ಟ್ ಎಂದರೇನು ಎಂದು ಕಂಪ್ಯೂಟರ್ ಓದದವರಿಗೂ ತಿಳಿಯುವಂತೆ ಹೇಳಿಬಿಡೋಣ. ಒಂದಷ್ಟು ಸಂಖ್ಯೆಗಳು ಸಾಲಾಗಿವೆ. ಅವುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಬೇಕು. ಎಡತುದಿಯಿಂದ ಶುರುಮಾಡಿ ಅಕ್ಕಪಕ್ಕದ ಎರಡನ್ನು ನೋಡುವುದು. ಎಡಗಡೆಯದು ದೊಡ್ಡದಾಗಿದ್ದರೆ ಎರಡನ್ನೂ ಅದಲುಬದಲು ಮಾಡುವುದು; ಇಲ್ಲದಿದ್ದರೆ ಹಾಗೆಯೇ ಬಿಡುವುದು. ಆಮೇಲೆ ಒಂದು ಸ್ಥಾನ ಮುಂದೆ ಸರಿದು ಮತ್ತೆ ಅದೇ ಕೆಲಸ. ಹೀಗೆ ಬಲತುದಿ ಮುಟ್ಟಿದರೆ ಒಂದು ಪಾಸ್ ಮುಗಿಯಿತು. ಮತ್ತೆ ಎಡದಿಂದ ಇನ್ನೊಂದು ಪಾಸ್. ಒಂದು ಪಾಸ್‌ನಲ್ಲಿ ಒಂದೂ ಅದಲುಬದಲು ಆಗದಿದ್ದರೆ ಸಾಲು ಸರಿಯಾಗಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸುವುದು. ಈ ಅದಲುಬದಲನ್ನೇ ಹುಡುಗರು ಸ್ವಾಪ್ ಎನ್ನುವುದು. ಪ್ರತಿ ಹೆಜ್ಜೆಯ ನಂತರ ಸಾಲು ಹೇಗಿದೆ ಎಂದು ಕಾಗದದ ಮೇಲೆ ಬರೆಯುತ್ತಾ ಹೋಗುವುದಕ್ಕೆ ಟ್ರೇಸ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು ಇದನ್ನೇ. ಲ್ಯಾಬ್‌ನ ವೈವಾದಲ್ಲೂ ಇದನ್ನೇ.

ಹುಡುಗನ ಹಾಳೆಯಲ್ಲಿದ್ದ ಮೊದಲ ಪಾಸ್ ಹೀಗಿದೆ. ಒಂದೊಂದು ಸಾಲೂ ಒಂದೊಂದು ಹೋಲಿಕೆಯ ನಂತರದ ಸ್ಥಿತಿ.

```
7 3 9 2 8 5
3 7 9 2 8 5
3 7 9 2 8 5
3 7 2 9 8 5
3 7 2 8 9 5
3 7 2 8 5 9
```

ಏಳು ಮತ್ತು ಮೂರು ಅದಲುಬದಲಾದವು. ಏಳು, ಒಂಬತ್ತು ಸರಿಯಾಗಿಯೇ ಇದ್ದವು, ಹಾಗಾಗಿ ಮೂರನೇ ಸಾಲು ಎರಡನೆಯದರಂತೆಯೇ ಇದೆ. ಆಮೇಲೆ ಒಂಬತ್ತು ಎರಡನ್ನು ದಾಟಿತು, ಎಂಟನ್ನು ದಾಟಿತು, ಐದನ್ನು ದಾಟಿ ಬಲತುದಿಗೆ ಬಂದು ನಿಂತಿತು. ಐದು ಹೋಲಿಕೆ, ನಾಲ್ಕು ಸ್ವಾಪ್. ಬದಲಾವಣೆ ಆಗದ ಹೆಜ್ಜೆಯನ್ನೂ ಒಂದು ಸಾಲಾಗಿ ಬರೆದಿರುವುದು ಒಳ್ಳೆಯ ಅಭ್ಯಾಸ. ಅದನ್ನು ಬಿಟ್ಟವರು ಎರಡು ಪಾಸ್ ಕಳೆಯುವಷ್ಟರಲ್ಲಿ ತಾವು ಎಲ್ಲಿದ್ದೇವೆಂದು ಮರೆಯುತ್ತಾರೆ.

ಉಳಿದ ಪಾಸ್‌ಗಳನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ಅಗತ್ಯವಿಲ್ಲ. ಪ್ರತಿ ಪಾಸ್‌ನ ಕೊನೆಗೆ ಸಾಲು ಹೇಗಿತ್ತೆಂದು ಕೊಟ್ಟರೆ ಸಾಕು. ಕೊನೆಯಲ್ಲಿರುವುದು ಆ ಪಾಸ್‌ನ ಸ್ವಾಪ್ ಲೆಕ್ಕ.

```
1:  3 7 2 8 5 9   4
2:  3 2 7 5 8 9   2
3:  2 3 5 7 8 9   2
4:  2 3 5 7 8 9   0
```

ಎರಡನೇ ಪಾಸ್‌ನಲ್ಲಿ ಏಳು ಎರಡನ್ನು ದಾಟಿತು, ಎಂಟು ಐದನ್ನು ದಾಟಿತು. ಮೂರನೆಯದರಲ್ಲಿ ಮೂರು ಎರಡನ್ನು, ಏಳು ಐದನ್ನು ದಾಟಿದವು. ಅಲ್ಲಿಗೆ ಸಾಲು ಸರಿಯಾಯಿತು. ಆದರೆ ಸರಿಯಾಯಿತು ಎಂದು ನಮಗೆ ಕಾಣುತ್ತದೆ, ಪ್ರೋಗ್ರಾಮಿಗೆ ಕಾಣುವುದಿಲ್ಲ. ಅದು ಇನ್ನೊಮ್ಮೆ ನಡೆದು, ಒಂದೂ ಸ್ವಾಪ್ ಆಗಲಿಲ್ಲ ಎಂದು ಕಂಡುಕೊಂಡ ಮೇಲೆಯೇ ನಿಲ್ಲುವುದು. ನಾಲ್ಕನೇ ಪಾಸ್ ಇರುವುದು ಅದಕ್ಕೇ. ಗೆಳೆಯ ಅದನ್ನು ಬಿಡಬೇಡ ಎಂದದ್ದೂ ಅದಕ್ಕೇ. ಸಾಮಾನ್ಯವಾಗಿ ಟ್ರೇಸ್ ಬರೆಯುವವರು ಎಡವುವ ಮೊದಲ ಜಾಗ ಇದು.

ಈಗ ಆ ಆರು ಅಂಕಿಗಳಿಗೆ ಬರೋಣ.

7 3 9 2 8 5 ಎಂಬ ಸಾಲಿನಲ್ಲಿ ಪ್ರತಿ ಸಂಖ್ಯೆಯ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ನಿನ್ನ ಎಡಗಡೆ ನಿನಗಿಂತ ದೊಡ್ಡವರು ಎಷ್ಟು ಜನ ಇದ್ದಾರೆ? ಏಳರ ಎಡಗಡೆ ಯಾರೂ ಇಲ್ಲ, ಆದ್ದರಿಂದ ಸೊನ್ನೆ. ಮೂರರ ಎಡಗಡೆ ಏಳು ಇದೆ, ಒಂದು. ಒಂಬತ್ತರ ಎಡಗಡೆ ಏಳು, ಮೂರು ಇದ್ದರೂ ಎರಡೂ ಅದಕ್ಕಿಂತ ಚಿಕ್ಕವು, ಹಾಗಾಗಿ ಸೊನ್ನೆ. ಎರಡರ ಎಡಗಡೆ ಏಳು, ಮೂರು, ಒಂಬತ್ತು ಮೂರೂ ದೊಡ್ಡವು, ಮೂರು. ಎಂಟರ ಎಡಗಡೆ ಒಂಬತ್ತು ಮಾತ್ರ, ಒಂದು. ಐದರ ಎಡಗಡೆ ಏಳು, ಒಂಬತ್ತು, ಎಂಟು, ಮೂರು. ಅಂದರೆ 0 1 0 3 1 3. ಕೂಡಿಸಿದರೆ ಎಂಟು.

ಈ ಎಂಟು ಯಾವುದರ ಲೆಕ್ಕ? ದೊಡ್ಡದು ಎಡಕ್ಕೆ, ಚಿಕ್ಕದು ಬಲಕ್ಕೆ ನಿಂತು ಹಿಂದುಮುಂದಾಗಿರುವ ಜೋಡಿಗಳ ಲೆಕ್ಕ. ಆರು ಸಂಖ್ಯೆಗಳಲ್ಲಿ ಒಟ್ಟು 15 ಜೋಡಿ ಮಾಡಬಹುದು. ಅದರಲ್ಲಿ ಎಂಟು ಹಿಂದುಮುಂದಾಗಿವೆ, ಏಳು ಸರಿಯಾಗಿವೆ. ಜೋಡಿ ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಸಾಲಿನ ಆ ತುದಿಯ ಏಳು, ಈ ತುದಿಯ ಐದು ಕೂಡ ಒಂದು ಹಿಂದುಮುಂದಾದ ಜೋಡಿಯೇ. ಗಣಿತದವರು ಇದಕ್ಕೆ ಇನ್‌ವರ್ಷನ್ ಎನ್ನುತ್ತಾರೆ. ಇದು ಕಂಪ್ಯೂಟರಿನ ಕಾಲದ ಕಲ್ಪನೆಯಲ್ಲ. ಸ್ವಿಟ್ಜರ್ಲೆಂಡಿನ ಗೇಬ್ರಿಯಲ್ ಕ್ರೇಮರ್ 1750ರಲ್ಲೇ ಸಮೀಕರಣಗಳನ್ನು ಬಿಡಿಸುವಾಗ ಯಾವ ಪದಕ್ಕೆ ಕೂಡು ಚಿಹ್ನೆ, ಯಾವುದಕ್ಕೆ ಕಳೆ ಚಿಹ್ನೆ ಎಂದು ತೀರ್ಮಾನಿಸಲು ಇಂಥ ಜೋಡಿಗಳನ್ನು ಎಣಿಸಿದ್ದ.

ಹಿಂದುಮುಂದಾದ ಜೋಡಿಗಳು ಎಂಟು, ಸ್ವಾಪ್‌ಗಳೂ ಎಂಟು. ಇದು ಕಾಕತಾಳೀಯವಲ್ಲ. ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಬೇಕಾದ ಮಕ್ಕಳ ಸಾಲನ್ನು ನೆನೆಸಿಕೊಳ್ಳಿ. ಅಕ್ಕಪಕ್ಕ ನಿಂತ ಇಬ್ಬರು ಮಾತ್ರ ಜಾಗ ಬದಲಿಸಿಕೊಂಡರೆ ಉಳಿದವರಿಗೆ ಏನು ವ್ಯತ್ಯಾಸ? ಸಾಲಿನ ಮುಂದಿದ್ದವರಿಗೆ ಆ ಇಬ್ಬರೂ ಮೊದಲು ಹಿಂದಿದ್ದರು, ಈಗಲೂ ಹಿಂದೆಯೇ ಇದ್ದಾರೆ. ಹಿಂದಿದ್ದವರಿಗೆ ಇಬ್ಬರೂ ಮೊದಲಿನಂತೆ ಮುಂದೆಯೇ ಇದ್ದಾರೆ. ಬದಲಾದದ್ದು ಆ ಇಬ್ಬರ ನಡುವಿನ ಸಂಬಂಧ ಒಂದೇ. ಬಬಲ್ ಸಾರ್ಟ್ ಸ್ವಾಪ್ ಮಾಡುವುದು ಅಕ್ಕಪಕ್ಕದವರು ಹಿಂದುಮುಂದಾಗಿದ್ದಾಗ ಮಾತ್ರ. ಆದ್ದರಿಂದ ಪ್ರತಿ ಸ್ವಾಪ್‌ಗೂ ಹಿಂದುಮುಂದಾದ ಜೋಡಿ ಸರಿಯಾಗಿ ಒಂದು ಕಡಿಮೆಯಾಗುತ್ತದೆ. ಎರಡಲ್ಲ, ಅರ್ಧವಲ್ಲ, ಒಂದೇ ಒಂದು. ಎಂಟರಿಂದ ಶುರುವಾಗಿ ಸೊನ್ನೆ ಮುಟ್ಟಬೇಕಾದರೆ ಎಂಟು ಸ್ವಾಪ್ ಆಗಲೇಬೇಕು. ಟ್ರೇಸ್ ಮಾಡಿದವನಿಗೆ ಏಳೋ ಒಂಬತ್ತೋ ಬಂದರೆ ಎಲ್ಲೋ ತಪ್ಪಿದೆ ಎಂದು ಹಾಳೆಯನ್ನು ಪೂರ್ತಿ ಓದದೆಯೇ ಹೇಳಬಹುದು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಅಕ್ಕಪಕ್ಕದ ಸ್ವಾಪ್ ಬಿಟ್ಟು ಬೇರೆ ಚಲನೆ ಇಲ್ಲ ಎಂಬ ನಿಯಮ ಇರುವವರೆಗೆ ಎಂಥ ಜಾಣನಿಗೂ ಎಂಟಕ್ಕಿಂತ ಕಡಿಮೆ ಸ್ವಾಪ್‌ನಲ್ಲಿ ಈ ಸಾಲನ್ನು ಜೋಡಿಸಲಾಗುವುದಿಲ್ಲ. ಬಬಲ್ ಸಾರ್ಟ್ ಬಗ್ಗೆ ಎಷ್ಟೇ ಕೆಟ್ಟ ಮಾತು ಕೇಳಿದರೂ, ತನ್ನ ನಿಯಮದೊಳಗೆ ಅದು ಒಂದೇ ಒಂದು ಸ್ವಾಪನ್ನೂ ದಂಡ ಮಾಡುವುದಿಲ್ಲ. ಅದರ ದುಂದೆಲ್ಲ ಹೋಲಿಕೆಗಳಲ್ಲಿ. ದೂರದ ಎರಡನ್ನು ನೇರವಾಗಿ ಅದಲುಬದಲು ಮಾಡಬಹುದು ಎಂದು ನಿಯಮ ಸಡಿಲಿಸಿದರೆ ಕಥೆಯೇ ಬೇರೆ. ಇದೇ ಸಾಲಿನಲ್ಲಿ ಏಳು ಮತ್ತು ಎರಡನ್ನು, ಆಮೇಲೆ ಒಂಬತ್ತು ಮತ್ತು ಐದನ್ನು ಅದಲುಬದಲು ಮಾಡಿ ನೋಡಿ. ಎರಡೇ ಸ್ವಾಪ್‌ಗೆ 2 3 5 7 8 9 ಆಗಿಬಿಡುತ್ತದೆ. ಸೆಲೆಕ್ಷನ್ ಸಾರ್ಟ್ ಮಾಡುವುದು ಇದನ್ನೇ.

ಒಟ್ಟು ಎಂಟು ಎಂಬುದು ಗೊತ್ತಾಯಿತು. ಆದರೆ ಗೆಳೆಯ ಬರೆದದ್ದು 4, 2, 2, 0. ಪಾಸ್‌ಗಳ ಲೆಕ್ಕ ಅವನಿಗೆ ಹೇಗೆ ಸಿಕ್ಕಿತು? ಇಲ್ಲಿದೆ ಆ ಆರು ಅಂಕಿಗಳ ನಿಜವಾದ ಸೊಗಸು.

ಒಂದು ಪಾಸ್ ನಡೆಯುವಾಗ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಎಡದಿಂದ ಹೊರಟಾಗ ಏಳು ಮುಂದಕ್ಕೆ ಸಾಗುತ್ತದೆ, ಮೂರನ್ನು ದಾಟುತ್ತದೆ. ಒಂಬತ್ತು ಎದುರಾದಾಗ ಏಳು ಅಲ್ಲೇ ನಿಲ್ಲುತ್ತದೆ, ಅಲ್ಲಿಂದ ಒಂಬತ್ತರ ಪ್ರಯಾಣ. ಅಂದರೆ ಯಾವ ಕ್ಷಣದಲ್ಲೂ ಮುಂದಕ್ಕೆ ಸಾಗುತ್ತಿರುವುದು ಅದುವರೆಗೆ ಕಂಡದ್ದರಲ್ಲಿ ಅತಿ ದೊಡ್ಡದು. ತನ್ನ ಎಡಗಡೆ ತನಗಿಂತ ದೊಡ್ಡದೊಂದಾದರೂ ಇರುವ ಸಂಖ್ಯೆಯನ್ನು ಈ ಸಾಗುವ ಸಂಖ್ಯೆ ದಾಟಿಯೇ ದಾಟುತ್ತದೆ, ಅದೂ ಒಂದೇ ಸಲ. ದಾಟಿದಾಗ ಅದರ ಎಡಗಡೆಯ ದೊಡ್ಡವರಲ್ಲಿ ಒಬ್ಬರು ಬಲಗಡೆಗೆ ಹೋದಂತಾಯಿತು. ಆದ್ದರಿಂದ ಒಂದು ಪಾಸ್‌ನಲ್ಲಿ ಸೊನ್ನೆಯಲ್ಲದ ಪ್ರತಿ ಅಂಕಿಯೂ ಒಂದು ಕಡಿಮೆಯಾಗುತ್ತದೆ. ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ.

ಪೆನ್ಸಿಲ್ ಅಂಕಿಗಳ ಮೇಲೆ ಇದನ್ನು ಮಾಡಿ ನೋಡಿದರೆ 0 1 0 3 1 3ರಲ್ಲಿ ಸೊನ್ನೆಯಲ್ಲದವು ನಾಲ್ಕು. ಅಂದರೆ ಮೊದಲ ಪಾಸ್‌ನಲ್ಲಿ ನಾಲ್ಕು ಸ್ವಾಪ್. ಒಂದೊಂದು ಕಳೆದರೆ 1ಗಳು ಸೊನ್ನೆಯಾಗಿ, ಎರಡು 3ಗಳು ಎರಡು 2ಗಳಾಗಿ ಉಳಿಯುತ್ತವೆ. ಎರಡನೇ ಪಾಸ್‌ನಲ್ಲಿ ಎರಡು ಸ್ವಾಪ್. ಮತ್ತೆ ಕಳೆದರೆ ಎರಡು 1. ಮೂರನೇ ಪಾಸ್‌ನಲ್ಲೂ ಎರಡು. ಇನ್ನೊಮ್ಮೆ ಕಳೆದರೆ ಎಲ್ಲ ಸೊನ್ನೆ, ನಾಲ್ಕನೆಯದರಲ್ಲಿ ಏನೂ ಇಲ್ಲ. ನಾಲ್ಕು, ಎರಡು, ಎರಡು, ಸೊನ್ನೆ. ಆರು ಅಂಕಿಗಳಲ್ಲಿ ಅತಿ ದೊಡ್ಡದು 3 ಆದ್ದರಿಂದ ಕೆಲಸದ ಪಾಸ್ ಮೂರು, ಖಾತ್ರಿಗೆ ಇನ್ನೊಂದು. ಟ್ರೇಸನ್ನು ಮುಟ್ಟದೆಯೇ ಟ್ರೇಸ್‌ನ ಉತ್ತರವೆಲ್ಲ ಬಂತು.

ಪಾಸ್‌ವಾರು ಲೆಕ್ಕ ಯಾಕೆ ಬೇಕು, ಒಟ್ಟು ಸಾಲದೇ ಎಂದು ಕೇಳಬಹುದು. ಸಾಲದು. ಅದಕ್ಕೊಂದು ಗಟ್ಟಿ ಕಾರಣವಿದೆ. ಬಬಲ್ ಸಾರ್ಟ್ ಎಂದುಕೊಂಡು ಬೇರೆಯದನ್ನೇ ಮಾಡುವ ಹುಡುಗರು ತರಗತಿಯಲ್ಲಿ ಬೇಕಾದಷ್ಟು ಇರುತ್ತಾರೆ. ಅವರು ಅಕ್ಕಪಕ್ಕದ್ದನ್ನು ಹೋಲಿಸುವುದಿಲ್ಲ. ಮೊದಲ ಸ್ಥಾನದಲ್ಲಿರುವುದನ್ನು ಎರಡನೆಯದರೊಡನೆ, ಮೂರನೆಯದರೊಡನೆ, ಹೀಗೆ ಕೊನೆಯವರೆಗೆ ಹೋಲಿಸುತ್ತಾ, ಚಿಕ್ಕದು ಸಿಕ್ಕಾಗಲೆಲ್ಲ ಅದಲುಬದಲು ಮಾಡುತ್ತಾರೆ. ಆಮೇಲೆ ಎರಡನೇ ಸ್ಥಾನ, ಮೂರನೇ ಸ್ಥಾನ. ಕೊನೆಗೆ ಸಾಲು ಸರಿಯಾಗಿಯೇ ಬರುತ್ತದೆ. ನಮ್ಮ 7 3 9 2 8 5ಕ್ಕೆ ಈ ರೀತಿಯಲ್ಲಿ ಮಾಡಿದರೆ ಸ್ವಾಪ್‌ಗಳು 2, 1, 2, 2, 1. ಒಟ್ಟು? ಎಂಟು!

ಇದು ಈ ಸಾಲಿನಲ್ಲಿ ಮಾತ್ರ ಆದದ್ದಲ್ಲ. ಸಂಖ್ಯೆಗಳೆಲ್ಲ ಬೇರೆಬೇರೆಯಾಗಿದ್ದರೆ ಆ ವಿಧಾನದಲ್ಲೂ ಒಟ್ಟು ಸ್ವಾಪ್ ಹಿಂದುಮುಂದಾದ ಜೋಡಿಗಳಷ್ಟೇ ಆಗುತ್ತದೆ. ಅದಲುಬದಲಾಗುವ ಎರಡರ ನಡುವೆ ಇರುವವೆಲ್ಲ ಆ ಎರಡಕ್ಕಿಂತಲೂ ದೊಡ್ಡವು. ಹಾಗಾಗಿ ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಕೆಡುತ್ತದೆ, ನಿವ್ವಳ ಲಾಭ ಒಂದೇ ಜೋಡಿ. ಆದ್ದರಿಂದ ಕೊನೆಯ ಸಾಲು ಸರಿ, ಒಟ್ಟು ಎಂಟು ಸರಿ ಎಂದು ನೋಡಿ ಟಿಕ್ ಹಾಕಿದರೆ ತಪ್ಪು ವಿಧಾನಕ್ಕೂ ಟಿಕ್ ಬೀಳುತ್ತದೆ. ಗುರುತು ಹಿಡಿಯುವುದು ಸುಲಭ. ಬಬಲ್ ಸಾರ್ಟ್‌ನ ಮೊದಲ ಪಾಸ್ ಮುಗಿದಾಗ ಅತಿ ದೊಡ್ಡದು ಬಲತುದಿಯಲ್ಲಿರಬೇಕು. ಆ ಇನ್ನೊಂದು ವಿಧಾನದಲ್ಲಿ ಮೊದಲ ಸುತ್ತಿನ ಕೊನೆಗೆ ಸಾಲು 2 7 9 3 8 5 ಎಂದಿರುತ್ತದೆ, ಅತಿ ಚಿಕ್ಕದು ಎಡತುದಿಗೆ ಬಂದಿರುತ್ತದೆ, ಒಂಬತ್ತು ಇದ್ದಲ್ಲೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಟ್ರೇಸ್ ತಿದ್ದುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೊದಲ ಪಾಸ್‌ನ ಬಲತುದಿಯನ್ನು. ಅಲ್ಲಿ ತಪ್ಪಿದ್ದರೆ ಮುಂದೆ ಓದುವುದೇ ಬೇಡ.

ಕೈಯಲ್ಲಿ ಮಾಡುವಾಗ ಆಗುವ ಇನ್ನೊಂದು ತಪ್ಪು ಹಳೆಯ ಸಾಲನ್ನೇ ನೋಡುತ್ತಾ ಹೋಲಿಸುವುದು. ಏಳು, ಮೂರು ಅದಲುಬದಲಾದ ಮೇಲೆ ಒಂಬತ್ತರೊಡನೆ ಹೋಲಿಸಬೇಕಾದದ್ದು ಏಳನ್ನು. ಆದರೆ ಕಣ್ಣು ಪ್ರಶ್ನೆಪತ್ರಿಕೆಯ ಮೇಲಿದ್ದರೆ ಎರಡನೇ ಸ್ಥಾನದಲ್ಲಿ ಮೂರೇ ಕಾಣುತ್ತದೆ. ಇಂಥ ಹಾಳೆಯಲ್ಲಿ ಸಾಮಾನ್ಯವಾಗಿ ಯಾವುದೋ ಸಂಖ್ಯೆ ಎರಡು ಸಲ ಬಂದಿರುತ್ತದೆ, ಇನ್ಯಾವುದೋ ಮಾಯವಾಗಿರುತ್ತದೆ. ಸಂಖ್ಯೆಗಳನ್ನು ಕೂಡಿಸಿ ನೋಡಿದರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಇಲ್ಲಿ ಪ್ರತಿ ಸಾಲಿನ ಮೊತ್ತವೂ 34 ಇರಬೇಕು.

ಇದೇ ಲೆಕ್ಕವನ್ನು ಪ್ರೋಗ್ರಾಮಿನಲ್ಲಿ ಓಡಿಸಿ ನೋಡಬೇಕೆನ್ನುವವರಿಗೆ ಪೈಥಾನ್‌ನಲ್ಲಿ ಇಷ್ಟು ಸಾಕು.

```python
a = [7, 3, 9, 2, 8, 5]
n = len(a)
for p in range(n - 1):
    swaps = 0
    for j in range(n - 1 - p):
        if a[j] > a[j + 1]:
            a[j], a[j + 1] = a[j + 1], a[j]
            swaps += 1
    print(p + 1, a, swaps)
    if swaps == 0:
        break
```

ಇದನ್ನು ಓಡಿಸಿದರೆ ಹುಡುಗನ ಹಾಳೆಯ ನಾಲ್ಕು ಸಾಲುಗಳೇ ತೆರೆಯ ಮೇಲೆ ಬರುತ್ತವೆ. ಒಳಗಿನ ಲೂಪಿನಲ್ಲಿ `p` ಕಳೆದಿರುವುದು ಪ್ರತಿ ಪಾಸ್‌ಗೂ ಬಲತುದಿಯಲ್ಲಿ ಒಂದು ಸಂಖ್ಯೆ ಖಾಯಂ ಜಾಗಕ್ಕೆ ಬಂದಿರುತ್ತದೆ, ಅದನ್ನು ಮತ್ತೆ ಮುಟ್ಟಬೇಕಿಲ್ಲ ಎಂಬ ಕಾರಣಕ್ಕೆ. ಹಾಗಾಗಿ ಹೋಲಿಕೆಗಳು 5, 4, 3, 2, ಒಟ್ಟು 14. ಕಳೆಯದೆ ಬಿಟ್ಟರೆ ಪ್ರತಿ ಪಾಸ್‌ಗೂ ಐದರಂತೆ 20 ಆಗುತ್ತದೆ, ಸ್ವಾಪ್ ಮಾತ್ರ ಎಂಟೇ. ಹೋಲಿಕೆಯ ಲೆಕ್ಕ ಪ್ರೋಗ್ರಾಮ್ ಬರೆದ ರೀತಿಗೆ ತಕ್ಕಂತೆ ಬದಲಾಗುತ್ತದೆ, ಸ್ವಾಪ್‌ನ ಲೆಕ್ಕ ಸಾಲಿನದೇ ಗುಣ. ಎರಡನ್ನೂ ಬೆರೆಸಿ "ಸ್ವಾಪ್ 14" ಎಂದು ಬರೆದವರು ಉಂಟು. ಪ್ರಶ್ನೆಯಲ್ಲಿ ಕೇಳಿದ್ದು ಯಾವುದು ಎಂದು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಈ ಪ್ರೋಗ್ರಾಮಿನಲ್ಲಿ ಒಂದೇ ಒಂದು ಚಿಹ್ನೆಯ ಮೇಲೆ ಕಣ್ಣಿಡಬೇಕು. `>` ಇರುವಲ್ಲಿ `>=` ಬರೆದರೆ ಸಮನಾದ ಎರಡು ಸಂಖ್ಯೆಗಳೂ ಸುಮ್ಮನೆ ಅದಲುಬದಲಾಗುತ್ತವೆ. ಸ್ವಾಪ್ ಲೆಕ್ಕ ಹೆಚ್ಚಾಗುತ್ತದೆ, ಹಿಂದುಮುಂದಾದ ಜೋಡಿಗಳ ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಪಾಸ್‌ಗಳಿಗೆ ಮಿತಿ ಹಾಕದೆ, ಬಲತುದಿಯನ್ನೂ ಕಡಿತಗೊಳಿಸದೆ, "ಸ್ವಾಪ್ ಆಗುತ್ತಿರುವವರೆಗೂ ನಡೆಸು" ಎಂದಷ್ಟೇ ಬರೆದಿದ್ದರೆ, ಸಮನಾದ ಎರಡು ಸಂಖ್ಯೆಗಳು ಪ್ರತಿ ಪಾಸ್‌ನಲ್ಲೂ ಅದಲುಬದಲಾಗುತ್ತಲೇ ಇರುತ್ತವೆ, ಪ್ರೋಗ್ರಾಮ್ ನಿಲ್ಲುವುದೇ ಇಲ್ಲ. ಅಂಕಪಟ್ಟಿಯನ್ನು ಜೋಡಿಸುವಾಗಲೂ ಇದು ಮುಖ್ಯ. ಹೆಸರಿನ ಅಕಾರಾದಿಯಲ್ಲಿರುವ ಪಟ್ಟಿಯನ್ನು ಅಂಕಗಳ ಪ್ರಕಾರ ಜೋಡಿಸಿದಾಗ, ಸಮಾನ ಅಂಕ ಪಡೆದವರು ಅಕಾರಾದಿಯಲ್ಲೇ ಉಳಿಯಬೇಕಾದರೆ `>` ಮಾತ್ರ ಇರಬೇಕು.

ಸಿ ಭಾಷೆಯಲ್ಲಿ ಬರೆಯುವವರಿಗೆ ಬೇರೊಂದು ಗುಂಡಿ ಇದೆ. ಒಳಗಿನ ಲೂಪನ್ನು ಒಂದು ಹೆಜ್ಜೆ ಹೆಚ್ಚು ಓಡಿಸಿದರೆ ಕೊನೆಯ ಸಂಖ್ಯೆಯನ್ನು ಅರೇಯ ಆಚೆ ಬಿದ್ದಿರುವ ಯಾವುದೋ ಅಂಕಿಯೊಡನೆ ಹೋಲಿಸಿದಂತಾಗುತ್ತದೆ. ಪೈಥಾನ್ ಆದರೆ ಕೂಡಲೇ `IndexError` ಎಂದು ಗದರಿ ನಿಲ್ಲಿಸುತ್ತದೆ. ಸಿ ಏನೂ ಹೇಳದೆ ಮುಂದುವರಿಯಬಹುದು. ಪಟ್ಟಿಯಲ್ಲಿ ನೀವು ಕೊಡದೇ ಇದ್ದ ಸೊನ್ನೆಯೋ ವಿಚಿತ್ರ ದೊಡ್ಡ ಸಂಖ್ಯೆಯೋ ಬಂದು, ನೀವು ಕೊಟ್ಟದ್ದೊಂದು ಕಾಣೆಯಾಗಿದ್ದರೆ ಮೊದಲು ಆ ಲೂಪಿನ ಮಿತಿಯನ್ನು ನೋಡಿ.

ಪೆನ್ಸಿಲ್ ಅಂಕಿಗಳು ಬಬಲ್ ಸಾರ್ಟ್‌ನ ದೊಡ್ಡ ದೌರ್ಬಲ್ಯವನ್ನೂ ತೋರಿಸಿಕೊಡುತ್ತವೆ. ಮೂರನೇ ಸ್ಥಾನದಲ್ಲಿದ್ದ ಒಂಬತ್ತು ಒಂದೇ ಪಾಸ್‌ನಲ್ಲಿ ಕೊನೆ ಮುಟ್ಟಿತು. ನಾಲ್ಕನೇ ಸ್ಥಾನದಲ್ಲಿದ್ದ ಎರಡಕ್ಕೆ ಮೊದಲ ಸ್ಥಾನಕ್ಕೆ ಬರಲು ಮೂರು ಪಾಸ್ ಬೇಕಾದವು. ದೊಡ್ಡವು ಬಲಕ್ಕೆ ಓಡುತ್ತವೆ, ಚಿಕ್ಕವು ಎಡಕ್ಕೆ ಪಾಸ್‌ಗೆ ಒಂದೇ ಹೆಜ್ಜೆ. ಈ ವಿಷಯ ಓದುವವರು ಮೊದಲನೆಯದನ್ನು ಮೊಲ, ಎರಡನೆಯದನ್ನು ಆಮೆ ಎಂದು ಕರೆಯುವುದುಂಟು. 9 2 3 5 7 8 ಮತ್ತು 2 3 5 7 8 1 ಎಂಬ ಎರಡು ಸಾಲುಗಳನ್ನು ನೋಡಿ. ಎರಡರಲ್ಲೂ ಜಾಗ ತಪ್ಪಿರುವುದು ಒಂದೇ ಸಂಖ್ಯೆ, ಎರಡಕ್ಕೂ ಬೇಕಾದ ಸ್ವಾಪ್ ಐದೇ. ಆದರೆ ಮೊದಲನೆಯದರ ಅಂಕಿ 0 1 1 1 1 1. ಐದೂ ಸ್ವಾಪ್ ಒಂದೇ ಪಾಸ್‌ನಲ್ಲಿ ಮುಗಿದು, ಖಾತ್ರಿಗೆ ಇನ್ನೊಂದು ಪಾಸ್ ಸೇರಿ ಒಂಬತ್ತು ಹೋಲಿಕೆ. ಎರಡನೆಯದರ ಅಂಕಿ 0 0 0 0 0 5. ಪಾಸ್‌ಗೆ ಒಂದರಂತೆ ಐದು ಪಾಸ್, ಹದಿನೈದು ಹೋಲಿಕೆ. ಬಾಲದಲ್ಲಿ ಒಂದು ಆಮೆ ಕೂತರೆ ಇಡೀ ಮೆರವಣಿಗೆ ನಿಧಾನ. ಒಂದು ಪಾಸ್ ಎಡದಿಂದ, ಮುಂದಿನದು ಬಲದಿಂದ ಎಂದು ಮಾಡಿದರೆ ಆಮೆಗಳೂ ಓಡುತ್ತವೆ. ಅದಕ್ಕೆ ಶೇಕರ್ ಸಾರ್ಟ್ ಎಂಬ ಹೆಸರಿದೆ. ಆಗಲೂ ಸ್ವಾಪ್ ಮಾತ್ರ ಐದೇ. ಯಾಕೆಂದು ಈಗ ನಿಮಗೇ ಗೊತ್ತು.

ಸಾಲು ದೊಡ್ಡದಾದಂತೆ ಲೆಕ್ಕ ಬೇಗ ಕೈಮೀರುತ್ತದೆ. ಅರವತ್ತು ಜನರ ತರಗತಿಯಲ್ಲಿ ಜೋಡಿಗಳು 1,770. ಅಂಕಪಟ್ಟಿ ಪೂರ್ತಿ ತಲೆಕೆಳಗಾಗಿದ್ದರೆ ಅಷ್ಟೂ ಸ್ವಾಪ್ ಬೇಕು. ಹೇಗೆಂದರೆ ಹಾಗೆ ಕಲೆಸಿದ್ದರೆ ಸರಾಸರಿ ಅದರ ಅರ್ಧ, 885. ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಲಕ್ಷ ಸಂಖ್ಯೆಗಳಾದರೆ ಸರಾಸರಿ ಸ್ವಾಪ್ ಸುಮಾರು 250 ಕೋಟಿ. ಅದೇ ಒಂದು ಲಕ್ಷವನ್ನು ಅರ್ಧರ್ಧ ಮಾಡಿ ಜೋಡಿಸಿ ಬೆಸೆಯುವ ಮರ್ಜ್ ಸಾರ್ಟ್ ಸುಮಾರು 17 ಲಕ್ಷ ಹೋಲಿಕೆಗಳೊಳಗೆ ಮುಗಿಸುತ್ತದೆ. ಇನ್ನೊಂದು ತಮಾಷೆ: ಬೆಸೆಯುವಾಗ ಬಲಭಾಗದ ಸಂಖ್ಯೆಯೊಂದು ಎಡಭಾಗದ ಎಷ್ಟನ್ನು ಹಾರಿ ಮುಂದೆ ಬಂತೆಂದು ಕೂಡಿಸುತ್ತಾ ಹೋದರೆ, ಬಬಲ್ ಸಾರ್ಟ್ ಮಾಡಿದ್ದರೆ ಎಷ್ಟು ಸ್ವಾಪ್ ಆಗುತ್ತಿತ್ತು ಎಂಬುದೂ ಅದರಲ್ಲೇ ಸಿಗುತ್ತದೆ. 250 ಕೋಟಿ ಸ್ವಾಪನ್ನು ಒಂದೂ ಮಾಡದೆ ಎಣಿಸಿದಂತಾಯಿತು.

ಈ ಎಣಿಕೆ ಬಬಲ್ ಸಾರ್ಟ್‌ಗಿಂತ ಹೆಚ್ಚು ಕಾಲ ಬಾಳುವಂಥದ್ದು. ಒಂದು ಹಾಡಿನ ಸ್ಪರ್ಧೆಯಲ್ಲಿ ಇಬ್ಬರು ತೀರ್ಪುಗಾರರು ಆರು ಗಾಯಕರಿಗೆ ಬೇರೆಬೇರೆ ಸ್ಥಾನ ಕೊಟ್ಟರು ಎನ್ನಿ. ಮೊದಲನೆಯವರ ಕ್ರಮದಲ್ಲಿ ಗಾಯಕರನ್ನು ನಿಲ್ಲಿಸಿ, ಎರಡನೆಯವರ ಕ್ರಮಕ್ಕೆ ತರಲು ಎಷ್ಟು ಅಕ್ಕಪಕ್ಕದ ಸ್ವಾಪ್ ಬೇಕು ಎಂದು ಎಣಿಸಿದರೆ ಅವರಿಬ್ಬರ ಭಿನ್ನಾಭಿಪ್ರಾಯದ ಅಳತೆ ಸಿಗುತ್ತದೆ. ನಮ್ಮ ಸಾಲಿನಂತೆ ಎಂಟು ಬಂದರೆ, 15 ಜೋಡಿಗಳಲ್ಲಿ ಎಂಟರ ಬಗ್ಗೆ ಅವರು ತಗಾದೆಯಲ್ಲಿದ್ದಾರೆ, ಏಳರ ಬಗ್ಗೆ ಒಪ್ಪುತ್ತಾರೆ. ಅಂದರೆ ಒಬ್ಬರ ತೀರ್ಪಿನಿಂದ ಇನ್ನೊಬ್ಬರದನ್ನು ಊಹಿಸಲಾಗದು. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಕೆಂಡಲ್ 1938ರಲ್ಲಿ ಈ ಎಣಿಕೆಯ ಮೇಲೆಯೇ ಒಂದು ಅಳತೆ ಕಟ್ಟಿದರು. ಕೆಂಡಲ್ ಟೌ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಬಬಲ್ ಸಾರ್ಟ್‌ಗೆ ಆ ಹೆಸರು 1962ರಲ್ಲಿ ಬಂದ ಕೆನೆತ್ ಐವರ್ಸನ್ನರ ಪುಸ್ತಕದಲ್ಲಿ ಕಾಣಿಸುತ್ತದೆ. ವಿಧಾನ ಅದಕ್ಕೂ ಹಳೆಯದು. 1956ರಲ್ಲೇ ಎಡ್ವರ್ಡ್ ಫ್ರೆಂಡ್ ಅದನ್ನು ಬೇರೆ ಹೆಸರಿನಲ್ಲಿ ವಿವರಿಸಿದ್ದರು. ಡೊನಾಲ್ಡ್ ಕ್ನೂತ್ 1973ರಲ್ಲಿ ಸಾರ್ಟಿಂಗ್ ಬಗ್ಗೆಯೇ ಒಂದು ದಪ್ಪ ಸಂಪುಟ ಬರೆದಾಗ, ಕಿವಿಗೆ ಹಿತವಾದ ಹೆಸರು ಮತ್ತು ಕೆಲವು ಸ್ವಾರಸ್ಯಕರ ಗಣಿತದ ಪ್ರಶ್ನೆಗಳನ್ನು ಬಿಟ್ಟರೆ ಇದನ್ನು ಶಿಫಾರಸು ಮಾಡಲು ಏನೂ ಇಲ್ಲವೆಂಬರ್ಥದ ಮಾತು ಹೇಳಿದರು. ಪೆನ್ಸಿಲ್ಲಿನ ಆರು ಅಂಕಿಗಳು ಆ ಸ್ವಾರಸ್ಯಕರ ಪ್ರಶ್ನೆಗಳ ಪೈಕಿಯೇ. ಪಾಸ್‌ಗೆ ಒಂದೊಂದು ಕಳೆಯುವ ನಿಯಮವನ್ನು ಕ್ನೂತ್ ಅದೇ ಸಂಪುಟದಲ್ಲಿ ಬಿಡಿಸಿ ತೋರಿಸಿದ್ದಾರೆ. ಕೆಲಸಕ್ಕೆ ಬಬಲ್ ಸಾರ್ಟ್ ಬೇಡ ಎಂಬ ಅವರ ತೀರ್ಪಿಗೆ ನನ್ನ ತಕರಾರಿಲ್ಲ. ಟ್ರೇಸ್ ಬರೆಯಿಸಲು ಮಾತ್ರ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಯಾಕೆಂದರೆ ಉತ್ತರವನ್ನು ಬೇರೊಂದು ದಾರಿಯಿಂದ ಪರೀಕ್ಷಿಸಲು ಇಷ್ಟು ಸುಲಭವಾದ ಲೆಕ್ಕ ಉಳಿದವುಗಳಲ್ಲಿ ಸಿಗುವುದು ಕಷ್ಟ.

ನೀವೂ ಮಾಡಿ ನೋಡಿ: 8 4 6 1 9 3. ಮೊದಲು ಕೆಳಗೆ ಪೆನ್ಸಿಲ್ಲಿನಲ್ಲಿ ಆರು ಅಂಕಿ ಬರೆಯಿರಿ, ಆಮೇಲೆ ಟ್ರೇಸ್ ಮಾಡಿ. ಪಾಸ್‌ವಾರು 4, 2, 2, 1, 0 ಬಂದು ಒಟ್ಟು ಒಂಬತ್ತಾದರೆ ನಿಮ್ಮ ಹಾಳೆಯೂ ಸರಿ ಇದೆ.